ಮೂವತ್ತು ತಂಡ, ಒಂದು ಮಧ್ಯಾಹ್ನ: ಹ್ಯಾಕಥಾನ್‌ನಲ್ಲಿ ಗೆಲುವು ತೀರ್ಮಾನವಾಗುವ ಬಗೆ

ಎಂಜಿನಿಯರಿಂಗ್ ಕಾಲೇಜಿನ ವಾರಾಂತ್ಯದ ಹ್ಯಾಕಥಾನ್ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಉದ್ಘಾಟನೆ. ಹನ್ನೊಂದಕ್ಕೆ ಗಡಿಯಾರ ಶುರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕೀಬೋರ್ಡಿನಿಂದ ಕೈ ತೆಗೆಯಬೇಕು. ತಂಡಕ್ಕೆ ನಾಲ್ಕು ಜನ, ಮೂವತ್ತು ತಂಡ. ಒಟ್ಟು 120 ಹುಡುಗ ಹುಡುಗಿಯರು. ಆ 24 ಗಂಟೆಯೊಳಗೆ ಒಂದು ಸಮಸ್ಯೆ ಆರಿಸಿಕೊಂಡು, ಅದಕ್ಕೊಂದು ಸಾಫ್ಟ್‌ವೇರ್ ಬರೆದು, ಓಡಿಸಿ ತೋರಿಸಬೇಕು. ಆಮೇಲೆ ಉಳಿಯುವುದು ಒಂದು ಮಧ್ಯಾಹ್ನ ಮಾತ್ರ. ಅಷ್ಟರಲ್ಲೇ ತೀರ್ಪುಗಾರರು ಮೂವತ್ತು ತಂಡಗಳ ಕೆಲಸ ನೋಡಿ, ಸಂಜೆಯ ಹೊತ್ತಿಗೆ ಗೆದ್ದವರ ಹೆಸರು ಹೇಳಬೇಕು.

ಜಗಳ ಹುಟ್ಟುವುದು ಆ ಮಧ್ಯಾಹ್ನದಲ್ಲಿ. ರಾತ್ರಿಯೆಲ್ಲ ಎಚ್ಚರವಿದ್ದು ಕೆಲಸ ಮಾಡಿದ ಮಕ್ಕಳಿಗೆ ತಮಗಿಂತ ಕಡಿಮೆ ಮಾಡಿದವರು ಗೆದ್ದರು ಎನ್ನಿಸಿದರೆ ಆ ನೋವು ಸುಲಭಕ್ಕೆ ಆರುವುದಿಲ್ಲ. ಮೆಂಟರ್ ಆಗಿಯೂ ತೀರ್ಪುಗಾರನಾಗಿಯೂ ಇಂಥ ಕಡೆ ಕೂತು ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಅನ್ಯಾಯವಾದಾಗ ಕಾರಣ ಪಕ್ಷಪಾತವಾಗಿರುವುದು ಅಪರೂಪ. ವಾರಗಳ ಮೊದಲೇ ಬರೆದಿಡಬೇಕಾದ ಎರಡು ಪುಟವನ್ನು ಯಾರೂ ಬರೆದಿರುವುದಿಲ್ಲ, ಅಷ್ಟೆ. ಒಂದು ಪುಟ ನಿಯಮದ್ದು, ಇನ್ನೊಂದು ಅಂಕ ಕೊಡುವ ಬಗೆಯದು. ಕಾಲೇಜುಗಳಲ್ಲಿ ಈ ಎರಡನೆಯದನ್ನು ರೂಬ್ರಿಕ್ ಎನ್ನುತ್ತಾರೆ.

ಹ್ಯಾಕಥಾನ್ ಮೊದಲಿಗೆ ಸ್ಪರ್ಧೆಯೇ ಆಗಿರಲಿಲ್ಲ. 1999ರ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದ ಹತ್ತು ಮಂದಿ ಒಂದೆಡೆ ಕೂತು ಕೆಲಸ ಮಾಡಿದ್ದು ಈ ಹೆಸರಿನ ಮೊದಲ ಕೂಟಗಳಲ್ಲಿ ಒಂದು. ಗುಪ್ತಲಿಪಿಯ ಸಾಫ್ಟ್‌ವೇರನ್ನು ಅಮೆರಿಕದಿಂದ ಹೊರಗೆ ಕಳಿಸಲು ಆಗ ಕಾನೂನಿನ ತೊಡಕಿತ್ತು. ಆ ಕೆಲಸಕ್ಕೆ ಕೆನಡಾ ಅನುಕೂಲವಾಗಿತ್ತು. ಅಲ್ಲಿ ಬಹುಮಾನವೂ ಇರಲಿಲ್ಲ, ತೀರ್ಪುಗಾರರೂ ಇರಲಿಲ್ಲ. ಹತ್ತು ವರ್ಷ ಕಳೆದು, 2009ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪೆನ್ಆ್ಯಪ್ಸ್ ಶುರುಮಾಡಿದ ಮೇಲೆ ಇದು ಕಾಲೇಜಿನ ಹಬ್ಬವಾಯಿತು. ನಮ್ಮಲ್ಲಿ 2017ರಿಂದ ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೆಯುತ್ತಿದೆ. ಅಲ್ಲಿ ತಂಡಕ್ಕೆ ಆರು ಜನ, ಅವರಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು. ಬಹುಮಾನ ಬಂದ ಮೇಲೆ ನಿಯಮ ಬೇಕಾಯಿತು, ನಿಯಮದ ಹಿಂದೆಯೇ ತಕರಾರೂ ಬಂತು.

ನಿಯಮಗಳಲ್ಲಿ ತಲೆನೋವು ಕೊಡುವುದು ಒಂದೇ: ಕೆಲಸ ಇಲ್ಲೇ ಆಗಿರಬೇಕು. ಹೇಳಲು ಸುಲಭ, ಗೆರೆ ಎಳೆಯುವುದು ಕಷ್ಟ. ಶನಿವಾರಕ್ಕೆ ಮೊದಲೇ ಯೋಚಿಸಿಕೊಂಡು ಬರಬಹುದೇ? ಬರಬಹುದು, ಯೋಚನೆಯನ್ನು ಯಾರೂ ತಡೆಯಲಾಗದು. ಕಾಗದದ ಮೇಲೆ ಚಿತ್ರ ಬಿಡಿಸಿಕೊಂಡು ಬಂದರೂ ತೊಂದರೆಯಿಲ್ಲ. ಎಲ್ಲರಿಗೂ ಉಚಿತವಾಗಿ ಸಿಗುವ ಓಪನ್ ಸೋರ್ಸ್ ಲೈಬ್ರರಿಗಳನ್ನೂ ಬಳಸಬಹುದು. ಅದಿಲ್ಲದೆ ಇಂದು ಯಾರೂ ಕೆಲಸ ಮಾಡುವುದಿಲ್ಲ. ಆದರೆ ಕಳೆದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟನ್ನು ಹೆಸರು ಬದಲಿಸಿ ತರುವಂತಿಲ್ಲ. ಇವೆರಡರ ನಡುವೆ ಒಂದು ಮಬ್ಬು ಜಾಗವಿದೆ. ತಾವೇ ಹಿಂದೆ ಬರೆದ ಲಾಗಿನ್ ಪುಟ, ತಾವೇ ಹಿಂದೆ ಕಲೆಹಾಕಿದ ಮಾಹಿತಿ ಅಲ್ಲಿ ಬರುತ್ತವೆ. ಇದನ್ನು ನಿಷೇಧಿಸಿದರೆ ಮಕ್ಕಳು ಬಚ್ಚಿಡುತ್ತಾರೆ. ಶುರುವಿನಲ್ಲೇ ಬರೆದುಕೊಡಿ, ಬರೆದುಕೊಟ್ಟದ್ದಕ್ಕೆ ಅಂಕವೂ ಇಲ್ಲ ದಂಡವೂ ಇಲ್ಲ, ಬಚ್ಚಿಟ್ಟದ್ದು ಗೊತ್ತಾದರೆ ಮಾತ್ರ ಹೊರಗೆ ಎಂದರೆ ಹೆಚ್ಚಿನವರು ಪ್ರಾಮಾಣಿಕರಾಗಿರುತ್ತಾರೆ.

ಇನ್ನು ಪರೀಕ್ಷಿಸುವ ಬಗೆ. ಪ್ರತಿ ತಂಡವೂ ತನ್ನ ಕೋಡನ್ನು ಗಿಟ್ ಎಂಬ ವ್ಯವಸ್ಥೆಯಲ್ಲಿ ಇಡಬೇಕು ಎಂದು ನಿಯಮ ಮಾಡಿದರೆ, ಯಾವ ಬದಲಾವಣೆಯನ್ನು ಯಾರು ಯಾವಾಗ ಮಾಡಿದರು ಎಂಬ ದಾಖಲೆ ತಾನಾಗಿ ಉಳಿಯುತ್ತದೆ. ಅದನ್ನು ನೋಡಲು ಎರಡು ಸಾಲು ಸಾಕು:

```
git log --reverse --date=iso --format="%ad %an %s"
git rev-parse HEAD
```

ಮೊದಲ ಸಾಲು ದಿನಾಂಕ, ಹೆಸರು, ಮಾಡಿದ ಕೆಲಸ ಇವನ್ನು ಹಳೆಯದರಿಂದ ಹೊಸದಕ್ಕೆ ಪಟ್ಟಿಮಾಡುತ್ತದೆ. ಪ್ರಾಮಾಣಿಕ ತಂಡದ ಪಟ್ಟಿ ಅಂಕುಡೊಂಕಾಗಿರುತ್ತದೆ: ಚಿಕ್ಕ ಚಿಕ್ಕ ಬದಲಾವಣೆ, ರಾತ್ರಿ ಎರಡಕ್ಕೆ ಒಂದು ತಪ್ಪು, ಮೂರಕ್ಕೆ ಅದರ ತಿದ್ದುಪಡಿ. ಶನಿವಾರ ಹನ್ನೊಂದೂವರೆಗೆ ಐದು ಸಾವಿರ ಸಾಲು ಒಮ್ಮೆಲೇ ಬಂದು ಕೂತು, ಆಮೇಲೆ ಬಣ್ಣ ಬದಲಿಸಿದ್ದಷ್ಟೇ ಇದ್ದರೆ ಅನುಮಾನಕ್ಕೆ ಕಾರಣವಿದೆ. ಆದರೆ ಅನುಮಾನವೇ ಸಾಕ್ಷಿಯಲ್ಲ. ಈ ದಿನಾಂಕಗಳು ಅವರದೇ ಲ್ಯಾಪ್‌ಟಾಪಿನ ಗಡಿಯಾರದಿಂದ ಬರುತ್ತವೆ, ಬದಲಿಸಲೂಬಹುದು. ಹೀಗಾಗಿ ನನಗೆ ಇದಕ್ಕಿಂತ ನಂಬಿಕೆ ಇರುವುದು ಬೇರೊಂದು ಪರೀಕ್ಷೆಯಲ್ಲಿ. ತಂಡದ ಎದುರು ಕೂತು ಒಂದು ಚಿಕ್ಕ ಬದಲಾವಣೆ ಕೇಳಿ: ‘ಈ ಪಟ್ಟಿಯನ್ನು ಹೆಸರಿನ ಬದಲು ದಿನಾಂಕದ ಕ್ರಮದಲ್ಲಿ ತೋರಿಸಿ.’ ತಾವೇ ಬರೆದವರು ಎರಡು ನಿಮಿಷದಲ್ಲಿ ಸರಿಯಾದ ಜಾಗಕ್ಕೆ ಹೋಗುತ್ತಾರೆ. ಎರವಲು ತಂದವರು ಹುಡುಕುತ್ತಲೇ ಇರುತ್ತಾರೆ.

ಎರಡನೆಯ ಸಾಲು 40 ಅಕ್ಷರದ ಒಂದು ಗುರುತನ್ನು ಕೊಡುತ್ತದೆ. ಆಮೇಲೆ ಒಂದು ಅಲ್ಪವಿರಾಮ ಸೇರಿಸಿ ಕಮಿಟ್ ಮಾಡಿದರೂ ಆ ಗುರುತು ಬೇರೆಯಾಗುತ್ತದೆ. ಭಾನುವಾರ ಹನ್ನೊಂದಕ್ಕೆ ಎಲ್ಲ ತಂಡಗಳ ಗುರುತು ಬರೆದುಕೊಂಡರೆ, ಊಟದ ಹೊತ್ತಿನಲ್ಲಿ ಯಾರು ಕದ್ದು ತಿದ್ದಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈಗ ಮೆಂಟರ್‌ಗಳ ಮಾತು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲೆನಾಡಿನ ನಾಲ್ಕು ಮಕ್ಕಳ ಕಲ್ಪಿತ ತಂಡ. ಅವರ ಯೋಚನೆ ಅಡಿಕೆ ಬೆಳೆಗಾರರಿಗೊಂದು ಆ್ಯಪ್. ಹವಾಮಾನ, ಮಾರುಕಟ್ಟೆ ದರ, ಕಾಯಿಯ ಫೋಟೋ ನೋಡಿ ಕೊಳೆರೋಗ ಗುರುತಿಸುವುದು, ಕೂಲಿ ಲೆಕ್ಕ ಎಲ್ಲವೂ ಅದರಲ್ಲಿ. ಶನಿವಾರ ಮಧ್ಯಾಹ್ನ ಎರಡಕ್ಕೆ ಮೊದಲ ಸುತ್ತಿನ ಮೆಂಟರ್ ಬರುತ್ತಾರೆ. ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿ ಎಂದುಕೊಳ್ಳಿ.

‘ಸರ್, ನಾಲ್ಕು ಸ್ಕ್ರೀನ್ ಆಗಿದೆ. ಈಗ ಲಾಗಿನ್ ಮಾಡ್ತಾ ಇದ್ದೀವಿ.’

‘ಯಾರು ಲಾಗಿನ್ ಆಗೋದು?’

‘ಬೆಳೆಗಾರರು, ಸರ್.’

‘ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿ ತೋಟಕ್ಕೆ ಹೋದವರು ಪಾಸ್‌ವರ್ಡ್ ಹಾಕ್ತಾ ಕೂರ್ತಾರಾ? ಅವರಿಗೆ ಆಗ ಏನು ಭಯ ಇರುತ್ತೆ ಹೇಳಿ.’

‘ಮಳೆ ಬಂದುಬಿಟ್ರೆ ಅಂತ.’

‘ಹಾಗಾದ್ರೆ ನಾಳೆ ಹನ್ನೊಂದರ ಒಳಗೆ ಅದೊಂದನ್ನೇ ಪೂರ್ತಿ ಮಾಡೋಕೆ ಆಗುತ್ತಾ ನೋಡಿ.’

ಮೆಂಟರ್ ಮಾಡಬೇಕಾದ ದೊಡ್ಡ ಕೆಲಸ ಇದೇ, ಅದೂ ಮೊದಲ ಮೂರ್ನಾಲ್ಕು ಗಂಟೆಯಲ್ಲಿ: ಕತ್ತರಿಸಲು ನೆರವಾಗುವುದು. 24 ಗಂಟೆಯಲ್ಲಿ ನಾಲ್ಕು ಅರೆಬೆಂದ ಸೌಲಭ್ಯ ಕಟ್ಟುವ ತಂಡಕ್ಕಿಂತ ಒಂದನ್ನು ತುದಿ ಮುಟ್ಟಿಸುವ ತಂಡ ಹೆಚ್ಚು ಕಲಿಯುತ್ತದೆ. ಮುಂದಿನ ಮೂರು ಗಂಟೆಯಲ್ಲಿ ಮಳೆಯ ಸಾಧ್ಯತೆ ಜಾಸ್ತಿಯಾದರೆ ಮನೆಯ ಫೋನಿಗೆ ಒಂದು ಕರೆ ಹೋಗುತ್ತದೆ. ಅಂಗಳದ ಅಡಿಕೆಗೆ ಟಾರ್ಪಾಲು ಹೊದಿಸಬಹುದು. ತಂಡ ಇಷ್ಟಕ್ಕೆ ಇಳಿಯಿತು.

ರಾತ್ರಿ ಹನ್ನೊಂದಕ್ಕೆ ಅವರು ಸಿಕ್ಕಿಬೀಳುತ್ತಾರೆ. ಪ್ರೋಗ್ರಾಂ ಓಡುತ್ತದೆ, ತಪ್ಪು ತೋರಿಸುವುದಿಲ್ಲ, ಆದರೆ ಕರೆ ಹೋಗುವುದಿಲ್ಲ. ಮಧ್ಯಾಹ್ನ ಒಂದೂವರೆಗೆ ಮಳೆ ಇದೆಯೆಂದು ಮುನ್ಸೂಚನೆಯಿದ್ದ ದಿನದ ಮಾಹಿತಿ ಕೊಟ್ಟು, ಬೆಳಿಗ್ಗೆ ಹನ್ನೊಂದರಲ್ಲಿ ಇದ್ದೇವೆಂದು ಲೆಕ್ಕ ಹಾಕಿಸಿದರೂ ಸುಮ್ಮನಿರುತ್ತದೆ. ಹತ್ತು ವರ್ಷದ ಅನುಭವವಿರುವ ಮೆಂಟರ್‌ಗೆ ಕಾರಣ ಅರ್ಧ ನಿಮಿಷದಲ್ಲಿ ಹೊಳೆದಿರುತ್ತದೆ. ಕೀಬೋರ್ಡ್ ತನ್ನತ್ತ ಎಳೆದುಕೊಳ್ಳುವ ಆಸೆಯೂ ಅಲ್ಲೇ ಹುಟ್ಟುತ್ತದೆ. ಎಳೆದುಕೊಳ್ಳಬಾರದು. ‘ಬಂದಿರುವ ಸಮಯವನ್ನ ತೆರೆ ಮೇಲೆ ಮೂಡಿಸಿ ನೋಡಿ, ಅದು ಯಾವ ಊರಿನ ಸಮಯ?’ ಎಂದು ಕೇಳಿ ಎದ್ದುಹೋಗಬೇಕು. ಹವಾಮಾನ ಸೇವೆ ಸಮಯವನ್ನು ಯುಟಿಸಿಯಲ್ಲಿ ಕೊಟ್ಟಿತ್ತು. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಮಧ್ಯಾಹ್ನ ಒಂದೂವರೆ ಅಲ್ಲಿ ಬೆಳಿಗ್ಗೆ ಎಂಟು. ಪ್ರೋಗ್ರಾಂ ಆ ಎಂಟನ್ನು ನಮ್ಮ ಎಂಟೆಂದೇ ತಿಳಿದು, ಹನ್ನೊಂದಾಗಿದೆ, ಮಳೆಯ ಹೊತ್ತು ಕಳೆದುಹೋಯಿತು ಎಂದು ಸುಮ್ಮನಾಗಿತ್ತು. ಮಕ್ಕಳೇ ಕಂಡುಹಿಡಿದರೆ ಒಂದು ಗಂಟೆ ಹೋಗುತ್ತದೆ, ಆದರೆ ಮರುದಿನ ತೀರ್ಪುಗಾರರ ಎದುರು ಅದನ್ನು ವಿವರಿಸುವುದೂ ಅವರಿಗೇ ಬರುತ್ತದೆ.

ಆದ್ದರಿಂದ ಮೆಂಟರ್‌ಗಳಿಗೂ ಲಿಖಿತ ನಿಯಮ ಬೇಕು. ಸ್ಪರ್ಧಿಯ ಕೀಬೋರ್ಡ್ ಮುಟ್ಟುವಂತಿಲ್ಲ. ಕೋಡ್ ಬರೆದು ಕಳಿಸುವಂತಿಲ್ಲ. ಒಂದು ತಂಡದ ವಿಷಯ ಇನ್ನೊಂದು ತಂಡಕ್ಕೆ ಹೇಳುವಂತಿಲ್ಲ. ಅರ್ಧ ಗಂಟೆ ತಾವೇ ಪ್ರಯತ್ನಿಸಿಯೂ ಆಗದಿದ್ದರೆ ಕರೆಯಿರಿ ಎಂದು ತಂಡಗಳಿಗೂ ಹೇಳಿರಬೇಕು, ಯಾಕೆಂದರೆ ಸಂಕೋಚದ ಮಕ್ಕಳು ಕರೆಯುವುದೇ ಇಲ್ಲ. ಮಾತುಗಾರ ತಂಡಗಳೇ ಮೆಂಟರ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮೆಂಟರ್ ಆದವರು ತೀರ್ಪುಗಾರರಾಗಬಾರದು. ಸಣ್ಣ ಕಾಲೇಜುಗಳಲ್ಲಿ ಜನ ಸಾಲದೆ ಇಬ್ಬರೂ ಒಬ್ಬರೇ ಆಗುವುದುಂಟು. ಆಗ ತಾನು ನೆರವು ಕೊಟ್ಟ ತಂಡಗಳಿಗೆ ಅಂಕ ಹಾಕುವಂತಿಲ್ಲ ಎಂಬುದನ್ನಾದರೂ ಪಾಲಿಸಬೇಕು. ರಾತ್ರಿಯೆಲ್ಲ ಜೊತೆಗಿದ್ದ ಮಕ್ಕಳ ಮೇಲೆ ಮಮತೆ ಬರುವುದು ಸಹಜ. ಅಂಥವರ ಕೈಗೆ ಅಂಕದ ಹಾಳೆ ಕೊಡುವುದು ತಪ್ಪು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೊನೆಯ ಸುತ್ತು. ಅಲ್ಲಿ ಹೊಸ ಸಲಹೆ ಕೊಡಬಾರದು. ನಾಲ್ಕು ನಿಮಿಷದ ಡೆಮೊ ಒಮ್ಮೆ ಮಾಡಿಸಿ ನೋಡುವುದಷ್ಟೇ.

ಇಲ್ಲಿಗೆ ಅಂಕದ ಮಾತು ಬಂತು. ನಮ್ಮ ಅನೇಕ ಕಾಲೇಜುಗಳ ಹಾಳೆಯಲ್ಲಿ ಹೊಸತನ, ಸಾಮಾಜಿಕ ಪರಿಣಾಮ, ತಂತ್ರಜ್ಞಾನ, ಮಂಡನೆ ಎಂದು ನಾಲ್ಕು ಮಾತಿದ್ದು, ಪ್ರತಿಯೊಂದರ ಎದುರು ಹತ್ತಕ್ಕೆ ಎಷ್ಟು ಎಂದಿರುತ್ತದೆ. ಆ ಹಾಳೆ ತೀರ್ಪುಗಾರನಿಗೆ ಏನನ್ನೂ ಹೇಳುವುದಿಲ್ಲ. ಹೊಸತನಕ್ಕೆ ಏಳು ಎಂದರೆ ಏನು? ಒಬ್ಬರ ಏಳು ಇನ್ನೊಬ್ಬರ ನಾಲ್ಕು. ಜೊತೆಗೆ, ಏನೂ ಓಡದ ಆದರೆ ಸುಂದರವಾದ ಪಿಪಿಟಿ ತಂದ ತಂಡ ಹೊಸತನ, ಪರಿಣಾಮ, ಮಂಡನೆ ಮೂರರಲ್ಲೂ ಮುಂದೆ ಹೋಗುತ್ತದೆ, ಏಕೆಂದರೆ ಮೂರೂ ಮಾತಿನಿಂದಲೇ ಗೆಲ್ಲಬಹುದಾದವು. ಕಾಲೇಜು ಹ್ಯಾಕಥಾನ್‌ಗಳ ಜೊತೆ 2013ರಿಂದ ಕೆಲಸ ಮಾಡುತ್ತಿರುವ ಮೇಜರ್ ಲೀಗ್ ಹ್ಯಾಕಿಂಗ್ ಸಂಸ್ಥೆ ಬೇರೆಯೇ ನಾಲ್ಕನ್ನು ಸೂಚಿಸುತ್ತದೆ: ತಂತ್ರಜ್ಞಾನ, ವಿನ್ಯಾಸ, ಪೂರ್ಣತೆ, ಕಲಿಕೆ. ಪೂರ್ಣತೆ ಎಂದರೆ ಓಡುತ್ತದೆಯೇ ಎಂಬುದು. ಅದು ಪಟ್ಟಿಯಲ್ಲಿ ಇರುವುದೇ ಒಂದು ದೊಡ್ಡ ವ್ಯತ್ಯಾಸ.

ನಾನು ಒಪ್ಪುವ ಹಾಳೆಯಲ್ಲಿ ನೂರಕ್ಕೆ ನಲವತ್ತು ಅಂಕ ‘ಓಡುತ್ತದೆಯೇ’ ಎಂಬುದಕ್ಕೆ. ಸಮಸ್ಯೆಯನ್ನು ಸರಿಯಾಗಿ ಹಿಡಿದಿದ್ದಾರೆಯೇ, ತಾಂತ್ರಿಕ ಶ್ರಮ ಎಷ್ಟು, ಬಳಸುವವರಿಗೆ ಸುಲಭವೇ ಎಂಬ ಮೂರಕ್ಕೆ ಇಪ್ಪತ್ತಿಪ್ಪತ್ತು. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಒಂದು ವಾಕ್ಯ. ‘ಓಡುತ್ತದೆಯೇ’ ಎಂಬುದಕ್ಕೆ ಹೀಗೆ ಬರೆಯಬಹುದು: ಪಿಪಿಟಿ ಮಾತ್ರ ಇದ್ದರೆ ಸೊನ್ನೆ. ಪರದೆಗಳಿದ್ದು ಹಿಂದೆ ಏನೂ ನಡೆಯದಿದ್ದರೆ ಒಂದು. ಬಿಡಿಬಿಡಿಯಾಗಿ ಓಡಿ ಒಂದಕ್ಕೊಂದು ಸೇರದಿದ್ದರೆ ಎರಡು. ತಂಡವೇ ತಂದ ಮಾಹಿತಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿದರೆ ಮೂರು. ತೀರ್ಪುಗಾರ ಅಲ್ಲೇ ಕೊಟ್ಟ ಮಾಹಿತಿಗೂ ಓಡಿದರೆ, ಓಡದಿದ್ದಾಗ ಏಕೆಂದು ಬಳಸುವವರಿಗೆ ತಿಳಿಸಿದರೆ ನಾಲ್ಕು. ಈ ವಾಕ್ಯಗಳನ್ನು ಶನಿವಾರ ಬೆಳಿಗ್ಗೆಯೇ ತಂಡಗಳಿಗೂ ಕೊಡಬೇಕು. ಪರೀಕ್ಷೆ ಯಾವುದರ ಮೇಲೆ ಎಂದು ಗೊತ್ತಿದ್ದರೆ ಅವರೂ ಲಾಗಿನ್ ಪುಟಕ್ಕೆ ಬಣ್ಣ ಬಳಿಯುತ್ತ ಕೂರುವುದಿಲ್ಲ.

ಅಡಿಕೆಯ ತಂಡಕ್ಕೆ ಅಂಕ ಹಾಕಿ ನೋಡೋಣ. ಡೆಮೊ ಹೊತ್ತಿಗೆ ಮಳೆ ತರಿಸಲಾಗದು, ಆದ್ದರಿಂದ ಅವರು ಮಳೆ ಬಂದ ಒಂದು ದಿನದ ಮಾಹಿತಿಯನ್ನು ಉಳಿಸಿಟ್ಟುಕೊಂಡು ಅದನ್ನೇ ಓಡಿಸುತ್ತಾರೆ, ಹಾಗೆಂದು ಮೊದಲೇ ಹೇಳುತ್ತಾರೆ. ಇದು ಮೋಸವಲ್ಲ, ಹೇಳದಿದ್ದರೆ ಮೋಸ. ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳುತ್ತದೆ. ತೀರ್ಪುಗಾರರು ತಮ್ಮ ಊರಿನ ಹೆಸರು ಹಾಕಿ ಎನ್ನುತ್ತಾರೆ. ಆ ಹೆಸರು ಪಟ್ಟಿಯಲ್ಲಿಲ್ಲ, ಪ್ರೋಗ್ರಾಂ ನಿಂತುಹೋಗುತ್ತದೆ. ಹಾಗಾಗಿ ಮೆಟ್ಟಿಲು ಮೂರು, ಅಂಕ ಮೂವತ್ತು. ಸಮಸ್ಯೆ ಹಿಡಿದದ್ದಕ್ಕೆ ಪೂರ್ತಿ ಇಪ್ಪತ್ತು. ತಾಂತ್ರಿಕವಾಗಿ ಸರಳ, ಹತ್ತು. ಬಳಸುವವರಿಗೆ ಒಂದು ಕರೆ ಬಿಟ್ಟರೆ ಬೇರೇನೂ ಇಲ್ಲ. ಆದರೆ ಮೊದಲ ನೋಂದಣಿ ಇಂಗ್ಲಿಷಿನಲ್ಲಿದೆ, ಹದಿನೈದು. ಒಟ್ಟು 75. ಪ್ರತಿ ಅಂಕದ ಹಿಂದೆಯೂ ಬೆರಳಿಟ್ಟು ತೋರಿಸಬಹುದಾದ ಕಾರಣವಿದೆ.

ಹಾಳೆ ಎಷ್ಟೇ ಚೆನ್ನಾಗಿದ್ದರೂ ನೋಡುವವರಿಗೆ ಸಮಯ ಬೇಕು. ಮೂವತ್ತು ತಂಡಗಳನ್ನು ಒಂದೇ ವೇದಿಕೆಗೆ ಕರೆದು ತಲಾ ಹತ್ತು ನಿಮಿಷ ಕೊಟ್ಟರೆ ಐದು ಗಂಟೆಯಾಗುತ್ತದೆ. ಇಪ್ಪತ್ತನೆಯ ತಂಡದ ಹೊತ್ತಿಗೆ ತೀರ್ಪುಗಾರರ ಕಣ್ಣು ಎಳೆಯುತ್ತಿರುತ್ತದೆ. ತಂಡಗಳು ತಮ್ಮ ಮೇಜಿನಲ್ಲೇ ಕೂತು, ತೀರ್ಪುಗಾರರು ಓಡಾಡುವುದು ಮೇಲು. ಆರು ತೀರ್ಪುಗಾರರು, ಪ್ರತಿ ತಂಡವನ್ನೂ ಬೇರೆ ಬೇರೆಯಾಗಿ ಮೂವರು ನೋಡಬೇಕು ಎಂದರೆ ತೊಂಬತ್ತು ಭೇಟಿ, ಒಬ್ಬೊಬ್ಬರಿಗೆ ಹದಿನೈದು. ನಾಲ್ಕು ನಿಮಿಷ ಡೆಮೊ, ಎರಡು ನಿಮಿಷ ಪ್ರಶ್ನೆ, ಒಂದು ನಿಮಿಷ ಮುಂದಿನ ಮೇಜಿಗೆ ನಡೆಯಲು. ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಆದರೆ ಈಗ ಎಲ್ಲ ತಂಡಗಳನ್ನೂ ಒಬ್ಬರೇ ನೋಡಿಲ್ಲ. ಪಿಯುಸಿ ಉತ್ತರಪತ್ರಿಕೆ ಯಾರ ಕೈಗೆ ಹೋಗುತ್ತದೋ ಎಂದು ಮಕ್ಕಳು ಹೆದರುವ ಹಾಗೆಯೇ ಇಲ್ಲೂ ಕೈ ಬಿಗಿಯಿರುವವರು, ಕೈ ಸಡಿಲವಿರುವವರು ಇರುತ್ತಾರೆ. ಒಬ್ಬ ತೀರ್ಪುಗಾರರು ತಾವು ನೋಡಿದ ಹದಿನೈದು ತಂಡಗಳಿಗೆ ಕೊಟ್ಟ ಅಂಕದ ಸರಾಸರಿ 52, ಇನ್ನೊಬ್ಬರದು 78 ಎಂದುಕೊಳ್ಳಿ. ಮೊದಲಿನವರು ಒಂದು ತಂಡಕ್ಕೆ 66 ಕೊಟ್ಟಿದ್ದಾರೆ. ಎರಡನೆಯವರು ಇನ್ನೊಂದಕ್ಕೆ 80. ಹಾಗೆಯೇ ಕೂಡಿದರೆ 80ರ ತಂಡ ಹದಿನಾಲ್ಕು ಅಂಕ ಮುಂದಿದೆ. ಆದರೆ 66 ಎಂಬುದು ಬಿಗಿ ಕೈಯವರ ಸರಾಸರಿಗಿಂತ ಹದಿನಾಲ್ಕು ಹೆಚ್ಚು. 80 ಎಂಬುದು ಸಡಿಲ ಕೈಯವರ ಸರಾಸರಿಗಿಂತ ಎರಡೇ ಹೆಚ್ಚು. ಆ ಲೆಕ್ಕದಲ್ಲಿ ಮೊದಲ ತಂಡವೇ ಹನ್ನೆರಡು ಅಂಕ ಮುಂದೆ. ಸರಾಸರಿ ಕಳೆದು ನೋಡುವ ಈ ಒಂದು ಹೆಜ್ಜೆ ಯಾವ ಸ್ಪ್ರೆಡ್‌ಶೀಟಿನಲ್ಲೂ ಐದು ನಿಮಿಷದ ಕೆಲಸ. ಇದನ್ನು ಮಾಡದೆ ಬಹುಮಾನ ಹಂಚುವುದನ್ನು ನಾನು ಒಪ್ಪಲಾರೆ.

ಈ ಲೆಕ್ಕಕ್ಕೂ ಮಿತಿಯಿದೆ. ಯಾರಿಗೆ ಯಾವ ಮೇಜು ಎಂಬುದನ್ನು ಚೀಟಿ ಎತ್ತಿ ಹಂಚಿರಬೇಕು. ಒಬ್ಬರ ಪಾಲಿಗೆ ಒಳ್ಳೆಯ ತಂಡಗಳೇ ಬಂದಿದ್ದರೆ ಅವರ ಸರಾಸರಿ ಹೆಚ್ಚಿರುವುದು ಸಡಿಲತನದಿಂದಲ್ಲ. ಒಬ್ಬೊಬ್ಬರು ನಾಲ್ಕೈದೇ ತಂಡ ನೋಡಿದ್ದರೆ ಸರಾಸರಿಗೆ ಅರ್ಥವೇ ಇರುವುದಿಲ್ಲ. ಒಬ್ಬರು ಎಲ್ಲರಿಗೂ 70ರಿಂದ 80ರೊಳಗೆ ಹಾಕಿ, ಇನ್ನೊಬ್ಬರು 30ರಿಂದ 95ರವರೆಗೆ ಹರಡಿದರೆ ಸರಾಸರಿ ಕಳೆದರೂ ಸಾಲದು. ಹರಡಿದವರ ಮಾತೇ ಫಲಿತಾಂಶ ಆಳುತ್ತದೆ. ಆಗ ಅಂಕ ಬಿಟ್ಟು, ಪ್ರತಿಯೊಬ್ಬರೂ ತಾವು ನೋಡಿದ ಹದಿನೈದನ್ನು ಒಂದರಿಂದ ಹದಿನೈದರವರೆಗೆ ಸ್ಥಾನಕ್ಕಿಟ್ಟು, ಆ ಸ್ಥಾನಗಳನ್ನೇ ಕೂಡುವುದು ಸುರಕ್ಷಿತ. ಅಮೆರಿಕದ ಹ್ಯಾಕ್‌ಎಂಐಟಿಯವರು ಅಂಕವನ್ನೇ ಕೈಬಿಟ್ಟು ಗ್ಯಾವೆಲ್ ಎಂಬ ಸಾಫ್ಟ್‌ವೇರ್ ಮಾಡಿಕೊಂಡರು. ತೀರ್ಪುಗಾರ ಪ್ರತಿ ಮೇಜಿನಲ್ಲಿ ಒಂದೇ ಪ್ರಶ್ನೆಗೆ ಉತ್ತರಿಸಬೇಕು: ಇದು ಈಗಷ್ಟೇ ನೋಡಿದ್ದಕ್ಕಿಂತ ಚೆನ್ನಾಗಿದೆಯೇ? ಅಂಥ ಅನೇಕ ಜೋಡಿ ಉತ್ತರಗಳಿಂದ ಪೂರ್ತಿ ಪಟ್ಟಿಯನ್ನು ಗಣಿತ ಕಟ್ಟುತ್ತದೆ. ನೂರಾರು ತಂಡಗಳಿದ್ದಾಗ ಅದು ಚೆನ್ನ. ಮೂವತ್ತಕ್ಕೆ ಹಾಳೆಯೇ ಸಾಕು, ಮೇಲಾಗಿ ಹಾಳೆ ಮಕ್ಕಳಿಗೆ ಕಾರಣವನ್ನೂ ಹೇಳುತ್ತದೆ.

ಮೇಜುಗಳ ಸುತ್ತು ಮುಗಿದ ಮೇಲೆ ಮೊದಲ ಐದು ತಂಡಗಳನ್ನು ವೇದಿಕೆಗೆ ಕರೆದು ಆರೂ ತೀರ್ಪುಗಾರರು ಒಟ್ಟಿಗೆ ನೋಡಿದರೆ ಕೊನೆಯ ಕ್ರಮಾಂಕಕ್ಕೆ ಯಾವ ತಿದ್ದುಪಡಿಯೂ ಬೇಡ, ಎಲ್ಲರೂ ಎಲ್ಲವನ್ನೂ ನೋಡಿರುತ್ತಾರೆ. ಅಂಕ ಸಮವಾದರೆ ‘ಓಡುತ್ತದೆಯೇ’ ಎಂಬುದರಲ್ಲಿ ಹೆಚ್ಚು ಪಡೆದವರು ಮುಂದೆ ಎಂದು ಶನಿವಾರವೇ ಬರೆದಿರಬೇಕು. ಸಮವಾದ ಮೇಲೆ ನಿಯಮ ಮಾಡಿದರೆ ಅದು ಯಾರದೋ ಪರವಾಗಿಯೇ ಕಾಣುತ್ತದೆ. ಪ್ರಾಯೋಜಕರ ವಿಶೇಷ ಬಹುಮಾನವಿದ್ದರೆ ಅದನ್ನು ಅವರೇ ಬೇರೆಯಾಗಿ ಕೊಡಲಿ, ಮುಖ್ಯ ಪಟ್ಟಿಗೆ ಅದು ಸೇರಬಾರದು.

ಹೆಸರು ಘೋಷಿಸುವ ಮೊದಲೇ ಮೂವತ್ತು ತಂಡಗಳಿಗೂ ತಮ್ಮ ತಮ್ಮ ಹಾಳೆ ಸಿಗಲಿ. ಮೂವರು ತೀರ್ಪುಗಾರರ ಮೆಟ್ಟಿಲುಗಳು, ಒಬ್ಬೊಬ್ಬರದೂ ಒಂದು ಸಾಲಿನ ಟಿಪ್ಪಣಿ, ತೀರ್ಪುಗಾರರ ಹೆಸರಿಲ್ಲದೆ. ಅಡಿಕೆಯ ತಂಡದ ಹಾಳೆಯಲ್ಲಿ ‘ಪಟ್ಟಿಯಲ್ಲಿಲ್ಲದ ಊರು ಹಾಕಿದರೆ ನಿಂತುಹೋಗುತ್ತದೆ, ನೋಂದಣಿ ಕನ್ನಡದಲ್ಲಿ ಬೇಕು’ ಎಂದಿರುತ್ತದೆ. ತಕರಾರಿಗೆ ಅರ್ಧ ಗಂಟೆ ಕೊಡಬೇಕು, ಆದರೆ ಎರಡಕ್ಕೆ ಮಾತ್ರ: ಕೂಡಿಸುವ ಲೆಕ್ಕ ತಪ್ಪಿದ್ದರೆ, ಇಲ್ಲವೇ ಯಾವುದಾದರೂ ತೀರ್ಪುಗಾರರು ಆ ಮೇಜಿಗೆ ಬಂದೇ ಇಲ್ಲದಿದ್ದರೆ. ‘ನಮ್ಮ ಐಡಿಯಾ ಅವರಿಗೆ ಅರ್ಥವಾಗಲಿಲ್ಲ’ ಎಂಬ ತಕರಾರನ್ನು ತೆಗೆದುಕೊಳ್ಳುವಂತಿಲ್ಲ, ಅದನ್ನೂ ನಿಯಮದ ಪುಟದಲ್ಲಿ ಮೊದಲೇ ಹೇಳಿರಬೇಕು. ಅರ್ಧ ಗಂಟೆ ಕಳೆದ ಮೇಲೆ ಸ್ಪ್ರೆಡ್‌ಶೀಟಿಗೆ ಬೀಗ ಹಾಕಿ ಹೆಸರು ಓದಬಹುದು.